ಹೆಂಡತಿಯ ಐದು ಅಂಕ

ಹೊರದೇಶಕ್ಕೆ ಹೋಗಿ ನೆಲೆಸುವವರ ವೀಸಾ ಅಂಕ ಕೂಡಿ ಕೂಡಿ ಆ ಸಲಹೆಗಾರ್ತಿಗೆ ಲೆಕ್ಕ ಬಾಯಿಪಾಠವಾಗಿತ್ತು. ಎದುರಿಗೆ ಕೂತ ಏಸಿ ಮೆಕ್ಯಾನಿಕ್‌ಗೆ ಬೆರಳು ಮಡಚುತ್ತ ಹೇಳಿದಳು. ಮೂವತ್ತಮೂರು ಇನ್ನೂ ತುಂಬಿಲ್ಲ, ವಯಸ್ಸಿಗೆ ಮೂವತ್ತು ಅಂಕ. ಡಿಪ್ಲೊಮಾಕ್ಕೆ ಹತ್ತು. ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ ಏಳು ಬಂದಿರುವುದಕ್ಕೆ ಹತ್ತು. ಕೆಲಸದ ಅನುಭವ ಒಂಬತ್ತು ವರ್ಷ ಎಂದು ಅವನು ಎದೆಯುಬ್ಬಿಸಿಕೊಂಡು ಹೇಳಿದ್ದ. ಆದರೆ ಅವನ ಕಸುಬನ್ನು ಪರಿಶೀಲಿಸಿದ ಸಂಸ್ಥೆ ಮೊದಲ ಮೂರು ವರ್ಷವನ್ನು ಕಲಿಕೆಯ ಕಾಲವೆಂದು ತೆಗೆದುಹಾಕಿತ್ತು. ಉಳಿದದ್ದು ಆರು ವರ್ಷ, ಅದಕ್ಕೂ ಹತ್ತೇ. ಎಲ್ಲ ಸೇರಿ ಅರವತ್ತು. ಅರ್ಹತೆಗೆ ಬೇಕಾದದ್ದು ಅರವತ್ತೈದು.

ಇನ್ನೆರಡು ವರ್ಷ ಕಾದರೆ ಅನುಭವಕ್ಕೆ ಐದು ಹೆಚ್ಚುತ್ತದಲ್ಲ ಎಂದು ಅವನು ಕೇಳಿದ. ಹೆಚ್ಚುತ್ತದೆ, ಆದರೆ ನಾಲ್ಕು ತಿಂಗಳಿಗೆ ನಿಮಗೆ ಮೂವತ್ತಮೂರು ತುಂಬಿ ವಯಸ್ಸಿನಲ್ಲಿ ಐದು ಇಳಿದಿರುತ್ತದೆ ಎಂದಳು. ಅದೂ ಹೆಸರು ನೋಂದಾಯಿಸಿದ ದಿನದ ವಯಸ್ಸಲ್ಲ, ಅರ್ಜಿ ಹಾಕಿ ಎಂದು ಆ ದೇಶದ ಸರ್ಕಾರದ ಆಹ್ವಾನ ಬಂದ ದಿನದ್ದು. ಇಂಗ್ಲಿಷಿನಲ್ಲಿ ಎಂಟೆಂಟು ಬಂದರೆ ಇನ್ನೂ ಹತ್ತು ಸಿಗುತ್ತಿತ್ತು. ಅವನು ಮೂರು ಸಲ ಪರೀಕ್ಷೆಗೆ ಕೂತಿದ್ದ. ಬರವಣಿಗೆ ಏಳರಲ್ಲೇ ಹಟ ಹಿಡಿದು ಕೂತಿತ್ತು.

ಆಗ ಸಲಹೆಗಾರ್ತಿಯ ಕಣ್ಣು ಪಕ್ಕದ ಕುರ್ಚಿಯ ಮೇಲೆ ಹೋಯಿತು. ಅಲ್ಲಿ ಅವನ ಹೆಂಡತಿ ಬ್ಯಾಗನ್ನು ತೊಡೆಯ ಮೇಲಿಟ್ಟು ಅವುಚಿಕೊಂಡಿದ್ದಳು.

"ಇವರಿಗೆ ಇಂಗ್ಲಿಷ್ ಪರೀಕ್ಷೇಲಿ ಒಂದೇ ಸಲಕ್ಕೆ ನಾಲ್ಕರಲ್ಲೂ ಆರು ಬಂದ್ರೆ ನಿಮಗೆ ಐದು ಅಂಕ. ಬರದಿದ್ರೆ ಸೊನ್ನೆ. ಮದುವೆ ಆಗಿರದಿದ್ರೆ ಸುಮ್ನೆ ಹತ್ತು ಸಿಗ್ತಿತ್ತು," ಎಂದಳು. ಬಸ್ಸಿನ ಸಮಯ ಹೇಳುವಷ್ಟೇ ಸಹಜವಾಗಿ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಅಪ್ಪ ಹಾಸಿಗೆ ಹಿಡಿದ ವರ್ಷ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಅಲ್ಲಿಯವರೆಗೆ ಕಲಿತ ಇಂಗ್ಲಿಷನ್ನು ಗಾಜುಗಳ ಪೆಟ್ಟಿಗೆಯೊಳಗೆ ಬರುವ ಸೂಚನೆಯ ಮಡಿಕೆ ಕಾಗದವನ್ನೂ ಬಿಡದೆ ಓದಿ ಸಾಕಿಕೊಂಡಿದ್ದಳು. ಓದು ಬರುತ್ತಿತ್ತು, ಕೇಳಿದರೆ ತಿಳಿಯುತ್ತಿತ್ತು. ಮಾತು ಮಾತ್ರ ಯಾವ ಭಾಷೆಯಲ್ಲೂ ಹೆಚ್ಚಿರಲಿಲ್ಲ.

ಆ ವಾರವೇ ಗಂಡನ ಜೊತೆ ಕೆಲಸ ಮಾಡುವ ಗೆಳೆಯ ಮೆಟ್ಟಿಲ ಬಳಿ ನಿಂತು ಅವನಿಗೆ ಉಪಾಯ ಹೇಳಿಕೊಟ್ಟ. ಅವಳು ಮೇಲೆ ಬಟ್ಟೆ ಹಿಂಡುತ್ತಿದ್ದಳು.

"ಕಾಗದದ ಮೇಲೆ ಡೈವೋರ್ಸ್ ತಗೊಂಡುಬಿಡು ಗುರೂ. ಅಲ್ಲಿ ಹೋಗಿ ನೆಲೆ ನಿಂತ್ಮೇಲೆ ಮತ್ತೆ ಕಟ್ಕೋ. ಹತ್ತು ಅಂಕ ಪುಕ್ಕಟೆ."

ಗಂಡ ತಕ್ಷಣ ಏನೂ ಹೇಳಲಿಲ್ಲ. ಆಮೇಲೆ, ಸುಳ್ಳು ಸಿಕ್ಕಿಬಿದ್ದರೆ ವರ್ಷಗಟ್ಟಲೆ ಬಾಗಿಲು ಹಾಕಿಬಿಡುತ್ತಾರೆ, ಬೇಡ ಎಂದ. ಅವಳ ಕಿವಿಯಲ್ಲಿ ಉಳಿದದ್ದು ಆ ಬೇಡ ಅಲ್ಲ, ಅದಕ್ಕೆ ಮುಂಚಿನ ಮೌನ. ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡಿದಳು.

ಮೊದಲ ಪರೀಕ್ಷೆಯಲ್ಲಿ ಕೇಳುವುದರಲ್ಲಿ ಏಳು, ಓದಿನಲ್ಲಿ ಆರೂವರೆ, ಬರವಣಿಗೆಯಲ್ಲಿ ಆರು ಬಂತು. ಮಾತಿನಲ್ಲಿ ಐದು. ಒಂದರಲ್ಲಿ ಬಿದ್ದರೆ ಉಳಿದ ಮೂರೂ ಮಣ್ಣುಪಾಲು.

ಏನು ಕೇಳಿದರು, ನೀವೇನು ಹೇಳಿದಿರಿ ಎಂದು ಸಲಹೆಗಾರ್ತಿ ಕೆದಕಿದಳು. ನಿಮ್ಮ ಮನೆ ಹೇಗಿದೆ ಎಂದರಂತೆ, ಚಿಕ್ಕದು ಎಂದಳಂತೆ. ಕೆಲಸ ಇಷ್ಟವೇ ಎಂದರಂತೆ, ಹೌದು ಎಂದಳಂತೆ. ವಿಷಯದ ಚೀಟಿ ಕೊಟ್ಟು ಎರಡು ನಿಮಿಷ ಮಾತಾಡು ಅಂದದ್ದಕ್ಕೆ ನಾಲ್ಕು ವಾಕ್ಯ ಹೇಳಿ ಕೈಕಟ್ಟಿ ಕೂತಳಂತೆ. ಒಂದರಲ್ಲೂ ತಪ್ಪಿರಲಿಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಬಾಯಿ ಮುಚ್ಚುವ ಹುಡುಗಿ ಎಂದು ತವರಿನಲ್ಲಿ ಹೊಗಳಿಸಿಕೊಂಡು ಬೆಳೆದವಳು. ಪರೀಕ್ಷಕರಿಗೆ ಬೇಕಾದದ್ದು ಎಳೆ ಕಡಿಯದೆ ಸಾಗುವ ಮಾತು. ಇಲ್ಲದ ಮಾತಿಗೆ ಅಂಕ ಹೇಗೆ ಕೊಟ್ಟಾರು?

ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಅತ್ತೆಯನ್ನು ಓಣಿಯವರೆಲ್ಲ ರೇಡಿಯೋ ಎನ್ನುತ್ತಿದ್ದರು. ಕೆಳಗಿನ ಮನೆಯಲ್ಲಿ ಮಗಳ ಸಂಸಾರದ ಜೊತೆ ಇದ್ದ ಆಕೆ ಸಂಜೆಯಾದರೆ ಮೇಲೆ ಬಂದು ಸೊಸೆಯ ಪಾಲಿನ ಮಾತನ್ನೂ ತಾನೇ ಆಡಿ ಹೋಗುತ್ತಿದ್ದಳು. ಐದು ಬಂದ ಸುದ್ದಿ ಕೇಳಿ ಅವಳೇ ದಾರಿ ಹುಡುಕಿದಳು.

"ನನ್ನ ಹತ್ರ ಇಂಗ್ಲಿಷಲ್ಲಿ ಮಾತಾಡು ಕಣೇ. ನನಗೆ ಒಂದಕ್ಷರ ತಿಳಿಯಲ್ಲ. ತಪ್ಪಾದ್ರೆ ನಗೋರ್ಯಾರು, ಚಾಡಿ ಹೇಳೋರ್ಯಾರು? ನಾನು ಆಮೇಲೆ, ಆಮೇಲೆ ಅಂತಿರ್ತೀನಿ."

ಮೊದಮೊದಲು ಸೊಸೆ ಕಿಟಕಿ, ಬಾಗಿಲು, ಗೋಡೆ ಎಂದು ಎಣಿಸಿದಳು. ಅತ್ತೆ ಆಮೇಲೆ ಎನ್ನುತ್ತಲೇ ಇದ್ದಳು. ಗೋಡೆ ಮುಗಿದ ಮೇಲೆ ಅಂಗಡಿ ಬಂತು, ಅಂಗಡಿ ಮುಗಿದ ಮೇಲೆ ಅಪ್ಪನ ಹಾಸಿಗೆ, ಬಿಟ್ಟ ಶಾಲೆ, ಆ ದಿನ ಗೇಟಿನವರೆಗೂ ಜೊತೆಗೆ ಬಂದ ಮೇಡಂ. ಕನ್ನಡದಲ್ಲಿ ಎಂದೂ ಹೊರಬರದ ಸಂಗತಿಗಳು ಆ ಪರಭಾಷೆಯಲ್ಲಿ ಮುಗ್ಗರಿಸುತ್ತ ಹೊರಟವು. ಅತ್ತೆ ನಡುನಡುವೆ ಪಾಪ ಎಂದಳು. ಎಲ್ಲಿ ಪಾಪ ಅನ್ನಬೇಕೆಂದು ಸೊಸೆಯ ಮುಖ ನೋಡಿದರೆ ಅವಳಿಗೆ ಸಾಕಿತ್ತು.

ಒಂದು ಸಂಜೆ ಸೊಸೆ ಮೆಟ್ಟಿಲ ಬಳಿಯ ಮಾತಿಗೆ ಬಂದಳು. ತಾನಿಲ್ಲದಿದ್ದರೆ ಅವನಿಗೆ ಹತ್ತು, ಇದ್ದರೆ ಸೊನ್ನೆ ಎಂದಳು. ಅವನು ಹೆದರಿದ್ದು ಸಿಕ್ಕಿಬೀಳುವುದಕ್ಕೆ, ತನ್ನನ್ನು ಬಿಡುವುದಕ್ಕಲ್ಲ ಎಂದಳು. ಹೇಳುತ್ತ ಹೇಳುತ್ತ ವ್ಯಾಕರಣ ನೆನಪಾಗಲಿಲ್ಲ, ಉಸಿರು ಕಟ್ಟಲಿಲ್ಲ. ಅತ್ತೆ ಆಮೇಲೆ ಎನ್ನಲಿಲ್ಲ. ಸೊಸೆ ತಿರುಗಿ ನೋಡಿದರೆ ಬಾಗಿಲಲ್ಲಿ ಟೂಲ್ ಬ್ಯಾಗ್ ಹೊತ್ತ ಗಂಡ ನಿಂತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿತ್ತು.

ಅತ್ತೆ ಇಬ್ಬರ ಮುಖವನ್ನೂ ನೋಡಿ, ಕೆಳಗೆ ಕುಕ್ಕರ್ ಕೂಗುತ್ತಿದೆ ಎಂದು ಇಲ್ಲದ ಕುಕ್ಕರಿನ ಕಡೆ ಹೊರಟುಹೋದಳು.

ಗಂಡ ಬ್ಯಾಗ್ ಇಳಿಸಲಿಲ್ಲ. "ಲೆಕ್ಕ ಹಾಕಿದ್ದು ನಿಜ," ಎಂದ. "ಎಪ್ಪತ್ತು ಅಂತ ಬಂತು. ಆಮೇಲೆ ಅಲ್ಲಿ ಒಬ್ಬನೇ ಬೀಗ ತೆಗೆದು ರೂಮಿಗೆ ಹೋಗೋದು ಕಣ್ಣಿಗೆ ಕಟ್ಟಿತು. ಅದನ್ನ ಅವನ ಮುಂದೆ ಹೇಳೋಕೆ ನಾಚಿಕೆ ಆಯ್ತು. ಅದಕ್ಕೆ ಕಾನೂನು ಹೇಳಿದೆ."

"ನನ್ನ ಮುಂದೆ?"

"ನೀನು ಕೇಳಲಿಲ್ಲ."

"ನಾನು ಕೇಳಲ್ಲ ಅಂತ ನಿಮಗೆ ಗೊತ್ತಿತ್ತು ರೀ. ಗೊತ್ತಿದ್ದೂ ಇಷ್ಟು ದಿನ ಆರಾಮಾಗಿದ್ರಿ," ಎಂದಳು. ಅವಳ ಧ್ವನಿ ಏರಲಿಲ್ಲ, ಆದರೆ ನಿಲ್ಲಲೂ ಇಲ್ಲ. ಆರು ಬರದೆ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಇಲ್ಲೇ ಇರುತ್ತೇನೆ, ಬೇಜಾರು ಪಡುತ್ತೇನೆ, ತಪ್ಪನ್ನು ನಿನ್ನ ಮೇಲೆ ಹಾಕುವುದಿಲ್ಲ ಎಂದ. ಬೇಜಾರು ಪಡುವುದಿಲ್ಲ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ಹೋಗಿ ಅವನ ಹೆಗಲಿನಿಂದ ಬ್ಯಾಗ್ ತಾನೇ ಇಳಿಸಿದಳು.

ಎರಡನೇ ಸಲ ಪರೀಕ್ಷಕಿ ಕೊಟ್ಟ ಚೀಟಿಯಲ್ಲಿ, ನೀವು ಕಷ್ಟಪಟ್ಟು ತೆಗೆದುಕೊಂಡ ಒಂದು ನಿರ್ಧಾರದ ಬಗ್ಗೆ ಹೇಳಿ ಎಂದಿತ್ತು. ಅವಳು ಶಾಲೆ ಬಿಟ್ಟದ್ದನ್ನು ಹೇಳತೊಡಗಿದಳು. ಎರಡು ಕಡೆ ಕ್ರಿಯಾಪದದ ಕಾಲ ತಪ್ಪಿತು, ಒಂದು ಕಡೆ ಪದ ಸಿಗದೆ ಕೈಯಲ್ಲೇ ತೋರಿಸಿದಳು. ಸಮಯವಾಯಿತು ಎಂದು ಪರೀಕ್ಷಕಿಯೇ ತಡೆಯಬೇಕಾಯಿತು.

ಮಾತಿಗೆ ಆರು ಬಂತು. ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿಲ್ಲ. ಉಳಿದ ಮೂರೂ ಆರರ ಮೇಲೇ ನಿಂತಿದ್ದವು.

ಸಲಹೆಗಾರ್ತಿ ಹೆಂಡತಿಯ ಸಾಲು ತುಂಬಿಸಿದಳು. ಅರವತ್ತು ಅಳಿದು ಅರವತ್ತೈದು ಮೂಡಿತು. ಇದು ಸರದಿಯಲ್ಲಿ ನಿಲ್ಲುವ ಅರ್ಹತೆ ಮಾತ್ರ, ಹೆಚ್ಚು ಅಂಕದವರನ್ನು ಮೊದಲು ಕರೆಯುತ್ತಾರೆ, ಹುಟ್ಟುಹಬ್ಬ ದಾಟಿದರೆ ಮತ್ತೆ ಅರವತ್ತು ಎಂದು ಎಚ್ಚರಿಸಿದಳು. ಗಂಡ ತಲೆಯಾಡಿಸಿದ. ಹೆಂಡತಿ ಕುರ್ಚಿ ಮುಂದಕ್ಕೆಳೆದುಕೊಂಡಳು. ತನ್ನ ಕಸುಬು ಆ ದೇಶಕ್ಕೆ ಬೇಕಾದ ಕಸುಬುಗಳ ಪಟ್ಟಿಯಲ್ಲಿದೆಯೇ, ಇದ್ದರೆ ತನ್ನದನ್ನೂ ಪರಿಶೀಲನೆಗೆ ಹಾಕಬಹುದೇ, ಆಗ ಐದು ಹತ್ತಾಗುತ್ತದೆಯೇ ಎಂದು ಒಂದರ ಹಿಂದೊಂದು ಕೇಳಿದಳು. ಆಗಬಹುದು, ಆದರೆ ಕಲಿತದ್ದಕ್ಕೆ ಪ್ರಮಾಣಪತ್ರ ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ ಎಂದಳು ಸಲಹೆಗಾರ್ತಿ. ಈ ಸಲ ಅವಳು ಉತ್ತರ ಕೊಟ್ಟದ್ದು ಹೆಂಡತಿಯ ಕಡೆ ತಿರುಗಿ.

ಆ ಪ್ರಮಾಣಪತ್ರ ಈ ಸಲಕ್ಕೆ ಬೇಕಾಗಲಿಲ್ಲ. ಏಸಿ ಮೆಕ್ಯಾನಿಕ್‌ಗಳ ಕೊರತೆ ಅಲ್ಲಿತ್ತು. ಹುಟ್ಟುಹಬ್ಬ ಹತ್ತಿರವಾಗುತ್ತಿದ್ದಾಗ ಒಂದು ಮಧ್ಯಾಹ್ನ ಗಂಡ ಅಂಗಡಿಗೆ ಫೋನ್ ಮಾಡಿದ. ಆಹ್ವಾನ ಬಂದಿದೆ ಎಂದಷ್ಟೇ ಹೇಳಿದ. ಮುಂದೆ ಅವನಿಗೆ ಮಾತು ಹೊರಡಲಿಲ್ಲ.

ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಕೈಯಲ್ಲಿದ್ದ ಚೌಕಟ್ಟಿನ ತಿರುಪು ಬಿಗಿಮಾಡುತ್ತ, ಅರ್ಜಿ ಹಾಕಲು ಗಡುವು ಯಾವತ್ತು, ಪೊಲೀಸ್ ಪ್ರಮಾಣಪತ್ರಕ್ಕೆ ಎಲ್ಲಿಗೆ ಹೋಗಬೇಕು, ವೈದ್ಯಕೀಯ ತಪಾಸಣೆಗೆ ತನಗೆ ಯಾವ ದಿನ ರಜೆ ಸಿಗುತ್ತದೆ ಎಂದು ಅವನ ಪಾಲಿನದನ್ನೂ ತಾನೇ ಮಾತಾಡುತ್ತ ಹೋದಳು.