ಗಾಜಿನ ಕೆಳಗೆ ಉಳಿದ ‘ಆದರೆ’

ವಾರ್ಷಿಕ ಸಭೆಗೆ ಸಭಾಂಗಣದ ಬಾಡಿಗೆ ಒಂದು ಲಕ್ಷ, ವೇದಿಕೆಯ ಹೂವಿಗೆ ಹದಿನೆಂಟು ಸಾವಿರ, ಭಾಷಣದ ಸಾಲುಗಳನ್ನು ಗಾಜಿನ ಮೇಲೆ ತೋರಿಸುವ ಟೆಲಿಪ್ರಾಂಪ್ಟರಿಗೆ ಆಳು ಸಮೇತ ಹನ್ನೆರಡು ಸಾವಿರ. ಭಾಷಣಕ್ಕೆ ಮಾತ್ರ ಬಿಡಿಗಾಸಿಲ್ಲ. ಬರೆಯುವವಳು ಹೇಗೂ ಸಂಬಳದವಳು.

ಹೋದ ವರ್ಷ ಕಂಪನಿಯ ದೊಡ್ಡವರು ಗಾಜಿನ ಮೇಲೆ ಏರುವ ಅಕ್ಷರಗಳನ್ನು ಅಟ್ಟಿಸಿಕೊಂಡು ಹೋಗಿ ಏದುಸಿರು ಬಿಟ್ಟಿದ್ದರು. ಯಂತ್ರ ತಮ್ಮನ್ನು ಓಡಿಸುತ್ತಿದೆಯೆಂದು ಅವರು, ಅವರು ಓಡುತ್ತಿದ್ದಾರೆಂದು ಯಂತ್ರದವನು; ಇಬ್ಬರೂ ಬಿದ್ದಂಬೀಳ ಓಡಿದರು. ಚಪ್ಪಾಳೆ ತಟ್ಟಲು ಯಾರಿಗೂ ಸಂದು ಸಿಗಲಿಲ್ಲ.

ಅದಕ್ಕೇ ಈ ಸಲ ಅವಳು ಮೊದಲು ದೊಡ್ಡವರ ಬಾಯಿಂದ ಅವರ ಸ್ಕೂಟರು ಕಳುವಾದ ಕಥೆ ಹೇಳಿಸಿದಳು. ಎಲ್ಲಿ ಉಸಿರೆಳೆಯುತ್ತಾರೆ, ಎಲ್ಲಿ ತಡೆದು ನಗಿಸುತ್ತಾರೆ ಎಂದು ಗುರುತು ಹಾಕಿಕೊಂಡಳು. ಆ ಅಳತೆಗೇ ಸಾಲು ಕತ್ತರಿಸಿದಳು: ಸಾಲಿಗೆ ಮೂರು ನಾಲ್ಕು ಪದ, ಅಂಕಿಗಳೆಲ್ಲ ಅಕ್ಷರದಲ್ಲಿ, ನಿಲ್ಲಬೇಕಾದಲ್ಲಿ ಖಾಲಿ ಸಾಲು.

ರಾತ್ರಿ ಪಾಳಿಯವರ ಬಸ್ಸು ನಿಲ್ಲುತ್ತದೆಂದು ಸುದ್ದಿ ಹಬ್ಬಿತ್ತು.

“ಬಸ್ ಹೋದ್ರೆ ನನ್ನ ಕೆಲಸಾನೂ ಹೋದ ಹಾಗೇ ಅಕ್ಕಾ. ಅಷ್ಟು ದೂರ ನಡ್ಕೊಂಡು ಬರ್ಲಾ?” ಎಂದಿದ್ದಳು ಅದೇ ಪಾಳಿಯ ಪ್ಯಾಕಿಂಗಿನಲ್ಲಿದ್ದ ಅವಳ ತಂಗಿ.

‘ನಿಮ್ಮ ಬಸ್ಸು ನಿಲ್ಲುವುದಿಲ್ಲ’ ಎಂದು ದೊಡ್ಡವರೇ ಬರೆಸಿದರು. ಲೆಕ್ಕದ ಸಾಹೇಬರು ಅದರ ಬಾಲಕ್ಕೆ ಇನ್ನೊಂದು ವಾಕ್ಯ ಕಟ್ಟಿದರು: ‘ಆದರೆ ಮೂರು ತಿಂಗಳ ನಂತರ ಖರ್ಚು ನೋಡಿ ತೀರ್ಮಾನಿಸುತ್ತೇವೆ.’

“ಒಂದಕ್ಷರ ಬಿಡಬಾರದಮ್ಮ” ಎಂದು ಸಹಿ ಹಾಕಿ ಕೊಟ್ಟರು.

“ಬಿಡ್ತೀನಾ ಸಾರ್?”

ಬಿಡಲಿಲ್ಲ. ಎರಡರ ನಡುವೆ ಆರು ಖಾಲಿ ಸಾಲು ಇಟ್ಟಳು, ಅಷ್ಟೇ. ‘ಆದರೆ’ ಗಾಜಿನ ಅಂಚಿನಿಂದ ಕೆಳಕ್ಕಿಳಿಯಿತು. ಮಾತಿಗೆ ಸಹಿ ಹಾಕುವವರು ಮೌನಕ್ಕೆ ಸಹಿ ಹಾಕುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಯಂತ್ರದವನಿಗೆ ಎಲ್ಲರೂ ಇಟ್ಟ ಹೆಸರು ಆಮೆ. “ಏನಕ್ಕಾ ಇಷ್ಟು ದೊಡ್ಡ ಬಯಲು? ದನ ಮೇಯಿಸ್ಬೇಕಾ?”

“ಚಪ್ಪಾಳೆ ಬಿದ್ರೆ ನಿಲ್ಲಿಸ್ಕೊ. ಅವ್ರು ಬಾಯಿ ತೆರೆಯೋವರೆಗೂ ತಿರುಗಿಸ್ಬೇಡ.”

“ನಾನು ಯಾವತ್ತೂ ಅವ್ರ ಹಿಂದೇನೇ ಕಣಕ್ಕಾ. ಮುಂದೆ ಹೋದ್ರೆ ಹೊಟ್ಟೆಪಾಡು ಹೋಗುತ್ತೆ.”

ತಾಲೀಮಿನಲ್ಲಿ ಚಪ್ಪಾಳೆ ತಟ್ಟುವವರಿರಲಿಲ್ಲ. ಬಯಲು ಎರಡು ಉಸಿರಿನಲ್ಲಿ ಸರಿದುಹೋಯಿತು. ಯಾರ ಕಣ್ಣಿಗೂ ಬೀಳಲಿಲ್ಲ.

ಸಭೆಯ ದಿನ ದೊಡ್ಡವರು ಸ್ಕೂಟರಿನ ಕಥೆ ಹೇಳುವಷ್ಟೇ ಸಲೀಸಾಗಿ ಹೇಳಿದರು. “ನಿಮ್ಮ ಬಸ್ಸು... ನಿಲ್ಲುವುದಿಲ್ಲ.” ಹಿಂದಿನ ಸಾಲುಗಳಿಂದ ಚಪ್ಪಾಳೆ ಎದ್ದಿತು, ಶಿಳ್ಳೆ ಬಿತ್ತು. ಆಮೆ ಯಂತ್ರದಿಂದ ಕೈ ಎತ್ತಿಬಿಟ್ಟ. ಗಾಜು ಬೋಳು. ಜನ್ಮದಲ್ಲಿ ಮೊದಲ ಸಲ ಶಿಳ್ಳೆ ಗಿಟ್ಟಿಸಿದ ಮನುಷ್ಯ ಸುಮ್ಮನಿರುತ್ತಾನೆಯೇ?

“ನಾನಿರೋವರೆಗೂ ಓಡುತ್ತೆ ಕಣ್ರಪ್ಪಾ!”

ಆಗ ಗಾಜಿನಲ್ಲಿ ‘ಆದರೆ’ ಮೆಲ್ಲಗೆ ತಲೆಯೆತ್ತಿತು. ಅವರು ಅದನ್ನು ನೋಡಿದರು, ಜನರನ್ನು ನೋಡಿದರು, ಒಂದು ಗುಟುಕು ನೀರು ಕುಡಿದರು. ಅದನ್ನು ಬಿಟ್ಟು ಮುಂದೆ ಹೋಗು ಎಂದು ಆಮೆಗೆ ಬೆರಳಾಡಿಸಿದರು.

ಸಭೆ ಮುಗಿದ ಮೇಲೆ ಲೆಕ್ಕದ ಸಾಹೇಬರು ಅವಳನ್ನು ತಡೆದರು. “ಅಷ್ಟು ಖಾಲಿ ಜಾಗ ಯಾಕಮ್ಮ ಬಿಟ್ಟೆ?”

“ಉಸಿರಿಗೆ ಸಾರ್. ಅಕ್ಷರ ಒಂದೂ ಬಿಟ್ಟಿಲ್ಲ, ಎಣಿಸ್ಕೊಳ್ಳಿ.”

ಬಸ್ಸು ಉಳಿಯಿತು, ತಂಗಿಯ ಕೆಲಸವೂ ಉಳಿಯಿತು. ಹೋದದ್ದು ಇಷ್ಟೇ: ಈಗ ಭಾಷಣದ ಖಾಲಿ ಸಾಲುಗಳಿಗೂ ಲೆಕ್ಕದ ಸಾಹೇಬರ ಸಹಿ ಬೇಕು.