ಒಂಬತ್ತೂವರೆಯ ಪಟ್ಟಿ

ಆಸ್ಪತ್ರೆಗಳಿಗೆ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರ ಮೂರನೇ ಮಹಡಿಯಲ್ಲಿ ಎಂಟು ಜನರ ತಂಡವಿತ್ತು. ಅಲ್ಲಿ ಯಾರೇ ಕೋಡ್ ಬದಲಾಯಿಸಿದರೂ ಅದನ್ನು ಪುಲ್ ರಿಕ್ವೆಸ್ಟ್ ಆಗಿ ಮುಂದಿಡಬೇಕು. ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಮುಖ್ಯ ಕೋಡಿಗೆ ಸೇರುವುದು. ಓದುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಕೊನೆಗೆ ತಂಡದ ಒಬ್ಬ ಹೆಂಗಸು ಪುಟ್ಟದೊಂದು ಪ್ರೋಗ್ರಾಂ ಬರೆದಳು. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಅದು ತಂಡದ ಚಾಟ್ ಚಾನೆಲ್‌ನಲ್ಲಿ ಪಟ್ಟಿ ಹಾಕುತ್ತಿತ್ತು: ಯಾರ ರಿವ್ಯೂಗಾಗಿ ಯಾವುದು ಕಾದಿದೆ, ಎಷ್ಟು ದಿನದಿಂದ ಕಾದಿದೆ. ಅಂದಿನಿಂದ ಅವಳಿಗೆ ಪಟ್ಟಿಯಮ್ಮ ಎಂದೇ ಹೆಸರಾಯಿತು.

ಪಟ್ಟಿಯ ಮೊದಲ ಹೆಸರು ಯಾವಾಗಲೂ ದೊಡ್ಡಣ್ಣನದು. ತಂಡದಲ್ಲಿ ಅವನೇ ಹಿರಿಯ. ಕೋಡಿನ ಮುಕ್ಕಾಲು ಪಾಲಿಗೆ ಅವನೇ ಹೊಣೆ ಎಂದು ಯಾವ ಕಾಲದಲ್ಲೋ ಬರೆದಿಟ್ಟಿದ್ದರಿಂದ ರಿವ್ಯೂಗಳೆಲ್ಲ ತಾವಾಗಿಯೇ ಬಂದು ಅವನ ತಲೆಯ ಮೇಲೆ ಬೀಳುತ್ತಿದ್ದವು. ಒಂದು ದಿನ ಹನ್ನೊಂದು, ಇನ್ನೊಂದು ದಿನ ಹದಿಮೂರು. ಹೆಚ್ಚು ಬಾಕಿಯಿದ್ದವರ ಹೆಸರಿನ ಪಕ್ಕ ಆಮೆಯ ಚಿತ್ರ ಬರುವಂತೆ ಪಟ್ಟಿಯಮ್ಮ ತಮಾಷೆಗೆ ಮಾಡಿದ್ದಳು. ಎಲ್ಲರೂ ನಕ್ಕರು. ಮೊದಲ ವಾರ ದೊಡ್ಡಣ್ಣನೂ ನಕ್ಕ.

ಮೂರನೇ ವಾರ ಅವನ ಬಾಕಿ ನಾಲ್ಕಕ್ಕಿಳಿಯಿತು. ಆಮೇಲೆ ಸೊನ್ನೆಯಾಯಿತು. ಮ್ಯಾನೇಜರು ಚಾನೆಲ್‌ನಲ್ಲಿ ಚಪ್ಪಾಳೆಗಳ ಸಾಲು ಹಾಕಿದರು. ಪಟ್ಟಿಯಮ್ಮ ಒಳಗೊಳಗೇ ಹಿಗ್ಗಿದಳು.

ಬುಧವಾರ ಮಧ್ಯಾಹ್ನ ಅವಳ ಅತ್ತೆ ಫೋನ್ ಮಾಡಿದರು.

"ಕಣ್ಣಿನ ಡಾಕ್ಟರು ರಜೆ, ಇವತ್ತಿನದು ರದ್ದು ಅಂತ ಮೊನ್ನೆ ಹೇಳಿದ್ರು ಕಣೇ. ಬೆಳಿಗ್ಗೆ ನೋಡಿದ್ರೆ, ಹನ್ನೆರಡಕ್ಕೆ ಬನ್ನಿ ಅಂತ ಮೆಸೇಜ್! ಎರಡು ಬಸ್ ಹತ್ತಿ ಇಳಿದು ಬಂದಿದೀನಿ. ಕೌಂಟರಲ್ಲಿರೋಳು ನನ್ನನ್ನೇ ಹುಚ್ಚಿ ಥರ ನೋಡ್ತಾಳೆ."

"ಅಲ್ಲೇ ಕೂತಿರಿ ಅತ್ತೆ, ಟ್ಯಾಕ್ಸಿ ಕಳಿಸ್ತೀನಿ."

ಆ ಆಸ್ಪತ್ರೆಯ ಮೆಸೇಜು ಹೋಗುತ್ತಿದ್ದುದು ಇವರದೇ ಸಾಫ್ಟ್‌ವೇರಿನಿಂದ. ಪಟ್ಟಿಯಮ್ಮ ಹುಡುಕಿದಳು. ರದ್ದಾದ ಅಪಾಯಿಂಟ್‌ಮೆಂಟಿಗೆ ನೆನಪಿನ ಮೆಸೇಜು ಹೋಗದಂತೆ ತಡೆಯುವ ಹನ್ನೊಂದು ಸಾಲಿನ ಬದಲಾವಣೆಯನ್ನು, ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ ಹೊಸಬಳು ಬರೆದಿಟ್ಟು ಹನ್ನೆರಡು ದಿನವಾಗಿತ್ತು. ಅದರ ಕೆಳಗೆ ದೊಡ್ಡಣ್ಣನ ರಿವ್ಯೂ, ಒಂದೇ ಸಾಲು: "ನೋಡಿದೆ, ವಿವರವಾಗಿ ಬರೆಯುತ್ತೇನೆ." ಅಷ್ಟೇ. ಮುಂದೆ ಏನೂ ಇಲ್ಲ.

"ಮತ್ತೆ ಕೇಳ್ಬಾರ್ದಿತ್ತಾ?" ಎಂದು ಹೊಸಬಳನ್ನು ವಿಚಾರಿಸಿದಳು.

"ನೋಡಿದೆ ಅಂದಿದ್ದಾರಲ್ಲ ಮೇಡಂ, ಹಿರಿಯರನ್ನ ಹೇಗೆ ಪೀಡಿಸೋದು? ಪಟ್ಟಿಲೂ ಬರ್ತಿರ್ಲಿಲ್ಲ. ನಾನೇ ಏನೋ ತಪ್ಪು ಮಾಡಿದೀನಿ ಅಂದ್ಕೊಂಡೆ."

ಪಟ್ಟಿಯಮ್ಮನಿಗೆ ಆಗ ಹೊಳೆಯಿತು. ಅವಳ ಪ್ರೋಗ್ರಾಂ ನೋಡುತ್ತಿದ್ದುದು ರಿವ್ಯೂಗೆ ಕೋರಿಕೆ ಹೋಗಿ ಇನ್ನೂ ಉತ್ತರ ಬಾರದವರನ್ನು ಮಾತ್ರ. ಒಪ್ಪಿಗೆಯೇ ಬೇಕೆಂದಿಲ್ಲ, ಬರೀ ಅಭಿಪ್ರಾಯವೆಂದು ಒಂದು ಸಾಲಿನ ರಿವ್ಯೂ ಸಲ್ಲಿಸಿದರೂ ಕೋರಿಕೆ ತೀರಿತೆಂದು ಲೆಕ್ಕ; ಹೆಸರು ಜಾರಿಹೋಗುತ್ತದೆ. ಹಾಗೆ ಜಾರಿದ್ದು ಇನ್ನೂ ಎಂಟು ಸಿಕ್ಕವು. ಎಲ್ಲದರಲ್ಲೂ ಅದೇ ಸಾಲು, ಎಲ್ಲವೂ ಬೆಳಿಗ್ಗೆ ಒಂಬತ್ತೂಕಾಲಿನ ಆಸುಪಾಸಿನವು.

ದೊಡ್ಡಣ್ಣ ಕಾಫಿ ಯಂತ್ರದ ಬಳಿ ಲೋಟ ತೊಳೆಯುತ್ತಿದ್ದ. ಅವಳು ಸಿಟ್ಟಿನಿಂದಲೇ ಕೇಳಿದಳು. ಅವನು ಇಲ್ಲವೆನ್ನಲಿಲ್ಲ.

"ಒಂದೊಂದು ಓದೋಕೆ ಮುಕ್ಕಾಲು ಗಂಟೆ ಬೇಕು. ಹದಿಮೂರು ಬಂದ್ರೆ ನನ್ನ ಕೆಲಸ ಯಾವಾಗ ಮಾಡ್ಲಿ? ದಿನಾ ಎಲ್ಲರೆದುರು ಆಮೆಯಾಗಿ ಕೂರೋಕೆ ಆಗ್ಲಿಲ್ಲಮ್ಮ."

"ನನಗೊಂದು ಮಾತು ಹೇಳ್ಬಹುದಿತ್ತಲ್ಲ."

"ತಮಾಷೆಗೆ ಬೇಜಾರಾಯ್ತು ಅಂತ ಈ ವಯಸ್ಸಲ್ಲಿ ಹೇಗೆ ಹೇಳೋದು?"

ಅವಳು ಅತ್ತೆಯ ವಿಷಯ ಹೇಳಿದಳು. ಅವನ ಮುಖ ಸಪ್ಪಗಾಯಿತು. "ಈಗ ಎಲ್ಲಿದ್ದಾರೆ?" ಎಂದ.

"ಟ್ಯಾಕ್ಸಿಯಲ್ಲಿ, ಮನೆಗೆ ಹೋಗ್ತಿದ್ದಾರೆ."

ಅವನು ನೇರ ಹೊಸಬಳ ಮೇಜಿಗೆ ಹೋಗಿ ಕುರ್ಚಿ ಎಳೆದುಕೊಂಡು ಹನ್ನೊಂದು ಸಾಲನ್ನೂ ಓದಿದ. ರದ್ದು ಮಾಡಿ ಮತ್ತೆ ಅದೇ ಹೊತ್ತಿಗೆ ಗೊತ್ತು ಮಾಡಿಕೊಂಡವರಿಗೂ ಮೆಸೇಜು ನಿಂತುಹೋಗುತ್ತಿತ್ತು; ಅದನ್ನು ತೋರಿಸಿದ. ಅವಳು ತಿದ್ದಿದಳು, ಸರಿಯಾಯಿತೇ ಎಂದು ಪರೀಕ್ಷಿಸುವ ಕೋಡನ್ನೂ ಬರೆದಳು. ಸಂಜೆಯೊಳಗೆ ಒಪ್ಪಿಗೆಯಾಗಿ ಆಸ್ಪತ್ರೆಗಳಿಗೆ ಹೋಯಿತು.

ಪಟ್ಟಿಯಮ್ಮ ಆಮೆಯನ್ನು ಅಳಿಸಿದಳು. ಬರೀ ಅಭಿಪ್ರಾಯ ಬರೆದವರ ಹೆಸರು, ಒಪ್ಪಿಗೆಯನ್ನೋ ತಿದ್ದುಪಡಿಯನ್ನೋ ಹೇಳುವ ತನಕ ಪಟ್ಟಿಯಲ್ಲಿ ಉಳಿಯುವಂತೆ ಮಾಡಿದಳು. ದೊಡ್ಡಣ್ಣನೊಡನೆ ಕೂತು ಅವನ ಹೊಣೆಯನ್ನು ತಾನೂ ಸೇರಿ ನಾಲ್ವರಿಗೆ ಹಂಚಿದಳು.

ಮರುದಿನದ ಪಟ್ಟಿಯಲ್ಲಿ ಹದಿನೇಳು ಬಾಕಿ. ಅವಳ ಹೆಸರಿನಲ್ಲೇ ಐದು, ದೊಡ್ಡಣ್ಣನ ಹೆಸರಿನಲ್ಲಿ ನಾಲ್ಕು.

"ಇದೇನಿದು, ನಿನ್ನೆ ದೊಡ್ಡಣ್ಣನದು ಸೊನ್ನೆ ಇತ್ತಲ್ಲ?" ಎಂದು ಮ್ಯಾನೇಜರು ಚಾನೆಲ್‌ನಲ್ಲಿ ಕೇಳಿದರು.

ಅವಳು ಏನು ಬರೆಯಲಿ ಎಂದು ಯೋಚಿಸುವಷ್ಟರಲ್ಲಿ ದೊಡ್ಡಣ್ಣ ಬರೆದ: "ನಿನ್ನೆಯ ಸೊನ್ನೆ ನಿಜವಲ್ಲ. ನಾನು ಓದದೆಯೇ ಓದಿದೆ ಎಂದಿದ್ದೆ."

ಆಮೇಲೆ, ಮೆಸೇಜಿನ ಕೋಡಿಗೆ ಸಂಬಂಧಿಸಿದ ಎರಡನ್ನು ತಾನು ಓದುತ್ತೇನೆ ಎಂದು ಹೊಸಬಳು ಬರೆದಳು. ಶುಕ್ರವಾರದ ಹೊತ್ತಿಗೆ ಹನ್ನೆರಡು ಉಳಿದಿದ್ದವು.