ಕೊಟ್ರೇಶನ ತಂಗಿ

ಲೋಕಪ್ಪ ಮೇಷ್ಟ್ರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ಹೋಗಿ ಜಗಳ ಆಡಿ ಬರುತ್ತಿದ್ದೆ, ಇಷ್ಟು ಹೆದರುತ್ತಿರಲಿಲ್ಲ.

ನನ್ನ ಹೆಸರು ಕೊಟ್ರೇಶ್. ಶಿಕಾರಿಪುರದಲ್ಲಿ ಬೈಕ್ ಗ್ಯಾರೇಜ್ ಇದೆ. ಹತ್ತನೇ ಕ್ಲಾಸ್ ಫೇಲು, ಗಣಿತದಲ್ಲಿ. ಆ ಗಣಿತ ಕಲಿಸಿದವರು ಇದೇ ಲೋಕಪ್ಪ ಮೇಷ್ಟ್ರು. ನನಗಿಂತ ತುಂಬಾ ಚಿಕ್ಕವಳಾದ ತಂಗಿ ದೀಪಶ್ರೀ ಎಂಟನೇ ಕ್ಲಾಸಿಗೆ ಅದೇ ಶಾಲೆ ಸೇರಿದಳು. ಮೊದಲ ದಿನ ಹಾಜರಿ ಕರೆಯುವಾಗ ಅಪ್ಪನ ಹೆಸರು, ಊರು ನೋಡಿ ಮೇಷ್ಟ್ರು ನಕ್ಕರಂತೆ.

"ನಮ್ಮ ಕೊಟ್ರೇಶನ ತಂಗಿ ಏನವ್ವಾ? ಪಾಪ. ಆಗಲಿ, ಹೆದರಬೇಡ, ಪಾಸ್ ಮಾಡಿಸ್ತೀನಿ."

ಸಂಜೆ ಅದನ್ನು ಹೇಳುವಾಗ ಅವಳೂ ನಗುತ್ತಿದ್ದಳು, ನಾನೂ ನಕ್ಕೆ. ಏಳನೇ ಕ್ಲಾಸಿನವರೆಗೆ ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿಯನ್ನು ಪಾಸ್ ಮಾಡಿಸುವುದು ಯಾವ ದೊಡ್ಡ ಕೆಲಸ ಅಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಮೇಷ್ಟ್ರ ಬೈಕ್ ಸರ್ವಿಸ್ ಮಾಡಿ, ವಾಪಸ್ ಕೊಡಲು ನಾನೇ ಶಾಲೆಗೆ ಓಡಿಸಿಕೊಂಡು ಹೋದೆ. ಪಾಠ ನಡೆದಿತ್ತು. ಕಿಟಕಿಯ ಹೊರಗೆ ನಿಂತೆ. ದೀಪಶ್ರೀ ಕೊನೆಯ ಬೆಂಚಿನಲ್ಲಿದ್ದಳು. ಮೇಷ್ಟ್ರು ಮುಂದಿನ ಬೆಂಚಿನ ಚಿನ್ಮಯ ಎಂಬ ಹುಡುಗನಿಗೆ ಪ್ರಶ್ನೆ ಕೇಳಿದರು. ಅವನು ತಪ್ಪಿದ. "ಯೋಚನೆ ಮಾಡು, ನಿಂಗೆ ಬರ್ತೈತಿ" ಎಂದು ಕೈಕಟ್ಟಿ ನಿಂತರು. ಅವನು ಮತ್ತೆ ತಪ್ಪಿದ. ಮೇಷ್ಟ್ರು ಒಂದು ಸುಳಿವು ಕೊಟ್ಟರು. ಮೂರನೇ ಸಲಕ್ಕೆ ಅವನು ಸರಿಯಾಗಿ ಹೇಳಿದ. ಆಮೇಲೆ ದೀಪಶ್ರೀಯನ್ನು ಎಬ್ಬಿಸಿದರು. ಅವಳು ಬಾಯಿ ತೆರೆಯುವಷ್ಟರಲ್ಲೇ, "ಇರಲಿ, ಕೂತ್ಕೋ ಮಗಳೆ" ಎಂದು ಪಕ್ಕದವಳನ್ನು ಕೇಳಿದರು. ದನಿಯಲ್ಲಿ ಎಷ್ಟು ಪ್ರೀತಿ! ಉಳಿದವರಿಗೆ ಬೀಜಗಣಿತದ ಲೆಕ್ಕ ಕೊಟ್ಟು, ಹಿಂದಿನ ಬೆಂಚಿಗೆ ಮಗ್ಗಿ ಬರೆಯಲು ಹೇಳಿದರು.

ಆ ಬೆಂಚು ನನಗೆ ಗೊತ್ತು. ಐದನೇ ಕ್ಲಾಸಿನಲ್ಲಿ ಕಾಮಾಲೆಯಾಗಿ ಬಹಳ ದಿನ ಶಾಲೆ ತಪ್ಪಿಸಿದ್ದೆ. ವಾಪಸ್ ಬಂದಾಗ ಭಿನ್ನರಾಶಿ ತಿಳಿಯಲಿಲ್ಲ. ದಡ್ಡ ಎಂಬ ಹೆಸರು ಬಂತು, ಕಾಮಾಲೆ ಹೋದರೂ ಹೆಸರು ಹೋಗಲಿಲ್ಲ. ಹೈಸ್ಕೂಲಿನಲ್ಲಿ ನನ್ನನ್ನೂ ಹೀಗೇ ಪ್ರೀತಿಯಿಂದ ಕೂರಿಸುತ್ತಿದ್ದರು. ಬೈಯದ ಮೇಷ್ಟ್ರು ಸಿಕ್ಕಿದರಲ್ಲ ಎಂದು ಖುಷಿಪಟ್ಟಿದ್ದೆ, ಮೂರ್ಖ.

ಅಂದು ಸಂಜೆ ಅವಳ ಪುಸ್ತಕ ತೆಗೆದು ನೋಡಿದೆ. ತಪ್ಪು ಲೆಕ್ಕದ ಕೆಳಗೂ ಕೆಂಪು ಶಾಯಿಯಲ್ಲಿ "ಅಕ್ಷರ ಚೆಂದ" ಎಂದಿತ್ತು. ಎಲ್ಲಿ ತಪ್ಪಿತು ಎಂದು ಒಂದು ಗೆರೆಯೂ ಇರಲಿಲ್ಲ. ನಾನು ಸುಮ್ಮನೆ ಕೇಳಿದೆ, "ದೀಪಾ, ಈ ಗಾಡಿ ಒಂದೂವರೆ ಲೀಟರಿಗೆ ತೊಂಬತ್ತು ಕಿಲೋಮೀಟರ್ ಓಡೈತಿ. ಮುಕ್ಕಾಲು ಲೀಟರಿಗೆ ಎಷ್ಟು ಓಡ್ತೈತಿ?"

ಹೋದ ವರ್ಷ ಇಂಥದ್ದನ್ನು ಸ್ಪಾನರ್ ಎತ್ತಿಕೊಡುತ್ತಲೇ ಹೇಳುತ್ತಿದ್ದಳು. ಈಗ ಬೆರಳುಗಳನ್ನು ಹಿಸುಕಿಕೊಂಡಳು, ಯೋಚಿಸಲೂ ಇಲ್ಲ.

"ನಂಗೆ ಬರಲ್ಲ ಅಣ್ಣ."

"ಪ್ರಯತ್ನ ಮಾಡವ್ವಾ."

"ನಮ್ಮ ಮನೆಯವರಿಗೆ ಲೆಕ್ಕ ಹತ್ತಲ್ಲ. ನಾನು ನಿನ್ನ ತಂಗಿ ಅಲ್ಲೇನು?"

ತಮಾಷೆಗಲ್ಲ, ಬೇಸರಕ್ಕೂ ಅಲ್ಲ, ನಮ್ಮ ಮನೆ ಯಾವ ಬೀದಿ ಎಂದು ಹೇಳುವಂತೆ ಹೇಳಿದಳು. ಕ್ಲಾಸಿನಲ್ಲಿ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಬಾಯಿ ತೆರೆಯದವಳಿಗೆ ಮೇಷ್ಟ್ರು ಇನ್ನೂ ಸುಲಭದ್ದು ಕೊಡುತ್ತಿದ್ದರು. ಸುಲಭದ್ದನ್ನಷ್ಟೇ ಮಾಡಿದವಳಿಗೆ ಪರೀಕ್ಷೆಯ ಕಷ್ಟದ್ದು ಎಲ್ಲಿಂದ ಬರಬೇಕು? ವರ್ಷದ ಕೊನೆಗೆ ಗಣಿತದಲ್ಲಿ ಕಷ್ಟಪಟ್ಟು ದಡ ಸೇರಿದಳು. "ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣ್ತೈತಿ ಕೊಟ್ರೇಶಿ. ನಾನು ಮೊದಲೇ ಹೇಳಿರಲಿಲ್ಲ?" ಎಂದರು ಮೇಷ್ಟ್ರು. ಹೇಳಿದ್ದರು, ನಿಜ. ಮೊಳಕೆಗೆ ನೀರು ಹಾಕದೆ ಹೇಳಿದ್ದರು.

ಅವಳಿಗೆ ನರ್ಸಿಂಗ್ ಓದುವ ಆಸೆ. ಅದಕ್ಕೆ ಪಿಯುಸಿಯಲ್ಲಿ ಸೈನ್ಸ್ ಬೇಕು. ಇನ್ನೆರಡು ವರ್ಷ ಆ ಬೆಂಚಿನಲ್ಲಿ ಕೂತರೆ ಇವಳೂ ನಾನೇ ಆಗುತ್ತಾಳೆ ಎಂಬ ಭಯಕ್ಕೆ ನನಗೆ ಅನ್ನ ಸೇರುತ್ತಿರಲಿಲ್ಲ. ಅವ್ವ ಜಗದಾಂಬ ಅತ್ತರೂ ಕೇಳದೆ ಟಿಸಿ ತಂದೆ. ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ನಮ್ಮ ಚಿಕ್ಕಮ್ಮ ಮಮತಾ ಇದ್ದಾಳೆ. ಅವಳ ಮನೆಯಲ್ಲಿಟ್ಟು ಅಲ್ಲಿನ ಶಾಲೆಗೆ ಒಂಬತ್ತನೇ ಕ್ಲಾಸಿಗೆ ಸೇರಿಸಿದೆ. ಆ ಊರಲ್ಲಿ ಕೊಟ್ರೇಶ್ ಯಾರೆಂದು ಯಾರಿಗೂ ಗೊತ್ತಿಲ್ಲ. ನನಗೆ ಬೇಕಾದದ್ದು ಅದೇ.

ಸ್ವಲ್ಪ ದಿನಕ್ಕೇ ಅಳುತ್ತಾ ಫೋನ್ ಮಾಡಿದಳು.

"ಅಣ್ಣ, ನಾ ಬರ್ತೀನಿ ಊರಿಗೆ. ಇಲ್ಲಿ ಗಣಿತಕ್ಕೆ ವಾಗ್ದೇವಿ ಮಿಸ್. ನನ್ನ ಬಿಡೋದೇ ಇಲ್ಲ. ಬರಲ್ಲ ಅಂದ್ರೂ ಕೂರಿಸಲ್ಲ. 'ಎಲ್ಲೀವರೆಗೆ ಬಂತು ಹೇಳು, ಅಲ್ಲಿಂದ ನೋಡಾಣ' ಅಂತಾರೆ. ಇಡೀ ಕ್ಲಾಸು ನನ್ನೇ ನೋಡ್ತೈತಿ. ಕೈಕಾಲು ನಡುಗ್ತಾವೆ."

ನನಗೂ ಹೆದರಿಕೆಯಾಯಿತು. ಮಿಸ್ಸು ಒಂದು ದಿನ ಬೇಸತ್ತು ಕೂರಿಸಿಬಿಟ್ಟರೆ? "ಇನ್ನೊಂದು ತಿಂಗಳು ಇರು" ಎಂದಷ್ಟೇ ಹೇಳಿದೆ.

ಮಿಸ್ಸು ಬೇಸರಪಡಲಿಲ್ಲ. ತಪ್ಪಿದ ಸಾಲಿಗೇ ಸುತ್ತು ಹಾಕಿ, "ಇಲ್ಲಿಂದ ಮತ್ತೆ ಮಾಡು" ಎಂದು ಬರೆಯುತ್ತಿದ್ದರಂತೆ. ಬಿಟ್ಟುಹೋದ ಎಂಟನೇ ಕ್ಲಾಸಿನ ಪಾಠವನ್ನು ಮಧ್ಯಾಹ್ನ ಊಟದ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟರಂತೆ. ಬೆಂಚು ವಾರಕ್ಕೊಮ್ಮೆ ಎಲ್ಲರಿಗೂ ಬದಲಾಗುತ್ತಿತ್ತು. ಮೊದಲ ಕಿರುಪರೀಕ್ಷೆಯಲ್ಲಿ ಏನೂ ಹೆಚ್ಚಾಗಲಿಲ್ಲ, ಎರಡನೆಯದರಲ್ಲಿ ಒಂಚೂರು. ಅರ್ಧವಾರ್ಷಿಕದ ಹೊತ್ತಿಗೆ, "ಅಣ್ಣ, ಇವತ್ತು ನಾನೇ ಕೈ ಎತ್ತಿದೆ" ಎಂದಳು. ಫೋನ್ ಕೆಳಗಿಟ್ಟು ಗ್ಯಾರೇಜಿನ ಹಿಂದೆ ಹೋಗಿ ಮುಖ ತೊಳೆದೆ.

ಹೆದರಿಕೆ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಕಳೆದುಕೊಳ್ಳಲು ಈಗ ಏನೋ ಇತ್ತಲ್ಲ.

ಒಂದು ಶನಿವಾರ ಅವಳನ್ನು ಊರಿಗೆ ಕರೆತರಲು ಬೈಕಿನಲ್ಲಿ ಆನವಟ್ಟಿಗೆ ಹೋದೆ. ಶಾಲೆಯ ಗೇಟಿನ ಹತ್ತಿರ ಕನ್ನಡಕದ ಹೆಂಗಸೊಬ್ಬರು ಕೊಡೆ ಹಿಡಿದು ಬಂದರು. ಹಿಂದೆಯೇ ದೀಪಶ್ರೀ ಬರುತ್ತಿದ್ದಳು.

"ನಾನು ವಾಗ್ದೇವಿ, ದೀಪಶ್ರೀಗೆ ಗಣಿತದ ಟೀಚರ್. ನೀವು ಅವಳಿಗೆ ಏನಾಗ್ಬೇಕ್ರಿ?"

ಈ ಎಣ್ಣೆ ಕೈ ನೋಡಿ, ಓದಿದ್ದೆಷ್ಟು ಎಂದು ಕೇಳಿದರೆ? ಫೇಲು ಎಂದು ತಿಳಿದರೆ? ಸೋಮವಾರದಿಂದ ಅವಳನ್ನು ಕೂರಿಸತೊಡಗಿದರೆ?

"ಪಕ್ಕದ ಮನೆಯವನ್ರೀ," ಎಂದೆ. "ಸಂಗಮೇಶ ಅಂತ. ಅವರಣ್ಣ ಬರಾಕೆ ಆಗಲಿಲ್ಲ."

ಮಿಸ್ಸು ಒಮ್ಮೆ ನನ್ನನ್ನು, ಒಮ್ಮೆ ದೀಪಶ್ರೀಯನ್ನು ನೋಡಿದರು. "ಹೌದಾ? ನಿಧಾನಕ್ಕೆ ಹೋಗಿ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಪಾರಾದೆ ಎಂದುಕೊಂಡು ಕಿಕ್ ಹೊಡೆದೆ.

ದಾರಿಯಲ್ಲಿ ತೊಗರ್ಸಿ ಎಂಬ ಊರು ಬಂತು. ಅಲ್ಲಿ ದೀಪಶ್ರೀ ಬೆನ್ನಿಗೆ ಗುದ್ದಿ ಗಾಡಿ ನಿಲ್ಲಿಸಿದಳು. ಇಳಿದು ಎದುರಿಗೆ ನಿಂತಳು, ಕಣ್ಣು ತುಂಬಿತ್ತು.

"ಮಿಸ್ಸಿಗೆ ನಾನು ಮೊದಲ ವಾರಾನೇ ಹೇಳೀನಿ."

"ಏನಂತ?"

"ನಮ್ಮಣ್ಣ ಕೊಟ್ರೇಶ್, ಹತ್ತನೇದು ಗಣಿತದಾಗೆ ಫೇಲು, ನಮ್ಮ ಮನೇರಿಗೆ ಲೆಕ್ಕ ಬರಲ್ಲ ಅಂತ. ಕೂರಿಸಲಿ ಅಂತಾನೇ ಹೇಳಿದ್ದೆ. ಕೂರಿಸಲಿಲ್ಲ. 'ನಿಮ್ಮಣ್ಣ ಎಲ್ಲಿ ತಪ್ಪಿದ್ದ ಅಂತ ಯಾರಾದ್ರೂ ನೋಡಿದ್ರಾ?' ಅಂತ ಕೇಳಿದ್ರು. ನನ್ನ ಮೊಬೈಲಿನಾಗೆ ನಿನ್ನ ಫೋಟೋನೂ ನೋಡ್ಯಾರೆ."

ನಾನು ಇಂಜಿನ್ ಆಫ್ ಮಾಡಿದೆ.

"ಅವ್ರು ನನ್ನ ಕೊಟ್ರೇಶನ ತಂಗಿ ಅಂತ ಗೊತ್ತಿದ್ದೇ ಕಲಿಸ್ಯಾರೆ," ಎಂದಳು. "ನಾನು ನಿನ್ನ ತಂಗಿ ಅನ್ನೋಕೆ ನಿಂಗೆ ಒಬ್ಬನಿಗೇ ನಾಚಿಕೆ."

ಅವಳು ಮತ್ತೆ ಹಿಂದೆ ಹತ್ತಿ ಕೂತಳು. ಸೋಮವಾರ ಬಿಡಲು ಬಂದಾಗ ಮಿಸ್ಸಿಗೆ ನಿಜವಾದ ಹೆಸರು ಹೇಳಬೇಕು ಎಂದು ಆಣೆ ಮಾಡಿಸಿಕೊಂಡಳು. ಮಾಡಿದೆ. ಶಿಕಾರಿಪುರ ಮುಟ್ಟುವವರೆಗೂ "ನಾನು ದೀಪಶ್ರೀ ಅಣ್ಣ, ಕೊಟ್ರೇಶ್ ರೀ" ಎಂದು ಹೆದರುತ್ತಲೇ ಒಳಗೊಳಗೆ ಹೇಳಿ ನೋಡುತ್ತಾ ಗಾಡಿ ಓಡಿಸಿದೆ.